ಸಿಂಕಿನ ಜಿಡ್ಡಿಗೆ 5 ಮೀಟರಿನ ಕೈಸ್ಪ್ರಿಂಗ್: ಎರಡೂವರೆ ವರ್ಷ ಬಳಸಿದ ಮೇಲೆ

ವಸ್ತು: ಕೈಯಿಂದ ತಿರುಗಿಸುವ ಡ್ರೇನ್ ಸ್ಪ್ರಿಂಗ್. 6 ಮಿ.ಮೀ ದಪ್ಪ, 5 ಮೀಟರ್ ಉದ್ದ, ಪ್ಲಾಸ್ಟಿಕ್ ಡಬ್ಬಿಯೊಳಗೆ ಸುತ್ತಿಕೊಂಡಿರುತ್ತದೆ.
ಬಳಕೆ: ವಿಜಯಪುರ, ಬೋರಿನ ಗಡಸು ನೀರು, ಎರಡೂವರೆ ವರ್ಷದಲ್ಲಿ ಏಳು ಸಲ.
ಅಂಕ: 5ಕ್ಕೆ 3.5

ಈ ಸ್ಪ್ರಿಂಗಿನ ಕೆಲಸ ಗೋಡೆಯೊಳಗಿನ ಪೈಪಿನಲ್ಲಿ ಮಾತ್ರ. ಸಿಂಕಿನ ಜಾಳಿಗೆಯಿಂದ ಇಳಿಬಿಟ್ಟರೆ ಪ್ರಯೋಜನಕ್ಕಿಂತ ಹಾನಿಯೇ ಜಾಸ್ತಿ. ಇದಕ್ಕೆ ಒಂದು ಸ್ಟಾರ್ ಕೊಟ್ಟು ಬೈದವರಲ್ಲಿ ಹೆಚ್ಚಿನವರು ಮಾಡಿರುವುದು ಅದನ್ನೇ.

ನಮ್ಮ ಕಡೆಯ ಸಿಂಕಿನಲ್ಲಿ ಏನು ಕಟ್ಟುತ್ತದೆ ಅನ್ನುವುದು ಮೊದಲು ಗೊತ್ತಿರಬೇಕು. ಶೇಂಗಾ ಎಣ್ಣೆಯಾಗಲಿ ಕುಸುಬಿ ಎಣ್ಣೆಯಾಗಲಿ ನಮ್ಮ ಚಳಿಗೆ ಹೆಪ್ಪುಗಟ್ಟುವುದಿಲ್ಲ, ತುಪ್ಪ ಮತ್ತು ಡಾಲ್ಡಾ ಗಟ್ಟಿಯಾಗುತ್ತವೆ. ಹಾಗಿದ್ದರೂ ಬರೀ ಶೇಂಗಾ ಎಣ್ಣೆ ಬಳಸುವ ಮನೆಯ ಪೈಪೂ ಕಟ್ಟುತ್ತದೆ. ಪೈಪಿನ ಗೋಡೆಗೆ ಹತ್ತಿದ ಎಣ್ಣೆ ದಿನ ಕಳೆದಂತೆ ಒಡೆದು ಕೊಬ್ಬಿನ ಆಮ್ಲವಾಗುತ್ತದೆ. ಅದು ಬೋರಿನ ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ನೀರಿನಲ್ಲಿ ಕರಗದ ಬಿಳಿ ಪದರ ಕಟ್ಟುತ್ತದೆ. ಒಣಗಿದರೆ ಸುಣ್ಣದ ಹಾಗೆ ಪುಡಿಯಾಗುವ ಪದರ ಅದು. ಅದರ ಮೇಲೆ ಕಂದು ಬಣ್ಣದ ಮೆತ್ತನೆಯ ಜಿಡ್ಡು, ಜ್ವಾಳದ ಹಿಟ್ಟು, ಶೇಂಗಾ ಪುಡಿ, ಮುಸುರಿಯ ಗಸಿ ಕೂತುಕೊಳ್ಳುತ್ತವೆ. ಬಿಸಿನೀರಿಗೆ ಮತ್ತು ಸೋಡಾಕ್ಕೆ ಈ ಕಂದು ಪದರ ಬಿಡುತ್ತದೆ, ಬಿಳಿಯದು ಬಿಡುವುದಿಲ್ಲ. ಅದಕ್ಕೇ ಕೆರೆಯುವ ಸಾಧನ ಬೇಕಾಗುವುದು.

ಕುದಿಯುವ ನೀರು ಸುರಿದರೆ ಆಯಿತಲ್ಲ ಅನ್ನುವವರಿಗೆ ಎರಡು ಮಾತು. ಸಿಂಕಿನ ಕೆಳಗಿನ ಪೈಪು ಪಿವಿಸಿ. ಸುಮಾರು 60 ಡಿಗ್ರಿಯವರೆಗೆ ಅದಕ್ಕೆ ತೊಂದರೆಯಿಲ್ಲ, 80ರ ಹತ್ತಿರ ಮೆತ್ತಗಾಗುತ್ತದೆ. ಕುದಿನೀರು ಹರಿದು ಹೋದರೆ ಒಂದು ಸಲಕ್ಕೆ ಏನೂ ಕಾಣಲಿಕ್ಕಿಲ್ಲ, ಕಟ್ಟಿದ ಪೈಪಿನಲ್ಲಿ ಅದು ನಿಂತುಕೊಂಡರೆ ಪೈಪು ಜೋತು ಬೀಳುತ್ತದೆ, ಜಾಯಿಂಟಿನ ವಾಶರು ಸಡಿಲಾಗುತ್ತದೆ. ಎರಡನೆಯದು ರೊಟ್ಟಿಯ ಊರಿನವರಿಗೆ ಬೇಗ ತಿಳಿಯುತ್ತದೆ: ಜ್ವಾಳದ ಹಿಟ್ಟಿಗೆ ಕುದಿನೀರು ಬಿದ್ದರೆ ಎಸರಿಗೆ ಹಾಕಿದ ಹಿಟ್ಟಿನಂತೆ ಅಂಟಾಗುತ್ತದೆ. ಪರಾತ ತೊಳೆದ ಹಿಟ್ಟು ಪೈಪಿನಲ್ಲಿ ಕೂತಿರುವಾಗ ಕುದಿನೀರು ಸುರಿಯುವುದು ಅಲ್ಲಿಯೇ ಅಂಬಲಿ ಕಾಯಿಸಿದಂತೆ.

ಸ್ಪ್ರಿಂಗ್ ಹೊರಗೆ ತೆಗೆಯುವ ಮೊದಲು ಒಂದು ಅಳತೆ ಮಾಡಿಕೊಳ್ಳಿ. ಸಿಂಕಿನ ಬಾಯಿ ಮುಚ್ಚಿ 10 ಲೀಟರ್ ನೀರು ಹಾಕಿ, ತೆಗೆದು, ಮೊಬೈಲಿನಲ್ಲಿ ಸೆಕೆಂಡ್ ಎಣಿಸಿ. ಇಲ್ಲಿ ಲೆಕ್ಕ ಕೊಡುತ್ತಿರುವ ಸಿಂಕಿನಲ್ಲಿ ಎಲ್ಲ ಚೊಕ್ಕಟ ಇದ್ದಾಗ 25 ಸೆಕೆಂಡ್ ಹಿಡಿಯುತ್ತದೆ. ಕಳೆದ ಎಳ್ಳಮಾವಾಸ್ಯೆಯ ಕರಿಯುವ ಕೆಲಸ ಮುಗಿದ ವಾರ 110 ಸೆಕೆಂಡಿಗೆ ಬಂದಿತ್ತು. ನೀರು ಹೋಗುವಾಗ ಪಕ್ಕದಲ್ಲಿ ನೆಲದ ನೀರು ಹೋಗುವ ನಾಣಿ ಟ್ರ್ಯಾಪಿನಲ್ಲಿ ಮೇಲೆ ಬರುತ್ತದೆಯೇ ಅಂತಲೂ ನೋಡಿ. ಬಂದರೆ ತಡೆ ಇರುವುದು ಎರಡೂ ಕೂಡಿಕೊಂಡ ನಂತರದ ದೊಡ್ಡ ಪೈಪಿನಲ್ಲಿ ಅಥವಾ ಹೊರಗಿನ ಚೇಂಬರಿನಲ್ಲಿ. ಅದು ಈ ಸ್ಪ್ರಿಂಗಿನ ಕೆಲಸವಲ್ಲ. 110 ಮಿ.ಮೀ ಪೈಪಿಗೆ ಹೋದ 6 ಮಿ.ಮೀ ತಂತಿ ಒಳಗೇ ಸುತ್ತಿಕೊಂಡು ಗಂಟಾಗುತ್ತದೆ.

ಮೊದಲ ಕೆಲಸ ಸಿಂಕಿನ ಕೆಳಗೆ ಬಾಟಲಿಯ ಹಾಗೆ ಇರುವ, ನೀರು ನಿಲ್ಲುವ ಬಾಟಲ್ ಟ್ರ್ಯಾಪ್ ಬಿಚ್ಚುವುದು. ಕೆಳಗೆ ಬಕೆಟ್ ಇಟ್ಟು ಟ್ರ್ಯಾಪಿನ ತಳದ ಕಪ್ಪನ್ನು ಕೈಯಿಂದಲೇ ತಿರುಗಿಸಿ. ಜಿಡ್ಡು ಹಿಡಿದು ತಿರುಗದಿದ್ದರೆ ಹಳೆಯ ಸೈಕಲ್ ಟ್ಯೂಬಿನ ತುಂಡು ಸುತ್ತಿ ಹಿಡಿಯಿರಿ. ಪಾನಾ ಹಾಕಿದರೆ ಪ್ಲಾಸ್ಟಿಕ್ ಕಪ್ಪು ಸೀಳುತ್ತದೆ. ಒಳಗಿನದನ್ನು ಹಳೆಯ ಚಮಚದಿಂದ ತೆಗೆದು ಕಸಕ್ಕೆ ಹಾಕಿ, ಮೋರಿಗೆ ಬೇಡ. ಆ ಸಲ ಕಪ್ಪಿನ ತಳದಲ್ಲಿ ಒಂದು ಬೆರಳು ದಪ್ಪ ಗಸಿ ಇತ್ತು. ಅದನ್ನು ತೆಗೆದು ಜೋಡಿಸಿ ಅಳೆದರೆ 70 ಸೆಕೆಂಡ್. ಅಂದರೆ ತಡೆಯ ಒಂದು ಪಾಲು ಟ್ರ್ಯಾಪಿನಲ್ಲಿ, ಉಳಿದದ್ದು ಗೋಡೆಯೊಳಗೆ. ಎಷ್ಟೋ ಸಲ ಇಲ್ಲಿಗೇ ಮುಗಿಯುತ್ತದೆ. ಏಳು ಸಲದಲ್ಲಿ ಮೂರು ಸಲ ಸ್ಪ್ರಿಂಗ್ ಗೋಡೆಯೊಳಗೆ ಇಳಿಯುವ ಅಗತ್ಯವೇ ಇರಲಿಲ್ಲ. ಬಾಟಲ್ ಟ್ರ್ಯಾಪಿನ ಬದಲು ಬಿಳಿ ಸುರುಳಿ ಪೈಪು ಇದ್ದರೆ ಅದಕ್ಕೆ ಸ್ಪ್ರಿಂಗ್ ಹಾಕಲೇಬೇಡಿ. ಅದರ ಏಣುಗಳ ನಡುವಿನ ಪ್ಲಾಸ್ಟಿಕ್ ತೆಳು, ತಂತಿಯ ತುದಿ ತೂತು ಮಾಡುತ್ತದೆ. ಬಿಚ್ಚಿ, ಅಂಗಳದಲ್ಲಿ ನೀರು ಹೊಡೆದು ತೊಳೆಯಿರಿ. ತೀರ ಕಟ್ಟಿದ್ದರೆ ಹೊಸದನ್ನೇ ಹಾಕಿ.

ಗೋಡೆಗೆ ಹೋಗುವ ತುಂಡನ್ನು ಬಿಚ್ಚಿದರೆ 40 ಮಿ.ಮೀ ಪೈಪಿನ ಬಾಯಿ ಕಾಣುತ್ತದೆ. ಸ್ಪ್ರಿಂಗನ್ನು ಅಲ್ಲಿಂದಲೇ ಕಳಿಸಬೇಕು. ಒಂದು ಗೇಣು ತಂತಿ ಹೊರಗೆ ಬಿಟ್ಟು ಡಬ್ಬಿಯ ಸ್ಕ್ರೂ ಬಿಗಿ ಮಾಡಿ, ಹಿಡಿಕೆಯನ್ನು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗಿಸುತ್ತ ಮೆಲ್ಲಗೆ ಒತ್ತಿ. ಆ ಗೇಣು ಒಳಗೆ ಹೋದ ಮೇಲೆ ಸ್ಕ್ರೂ ಸಡಿಲಿಸಿ ಮತ್ತೊಂದು ಗೇಣು ಎಳೆದುಕೊಳ್ಳಿ. ಮೊಳಕ್ಕೊಂದು ಬಣ್ಣದ ಟೇಪು ಸುತ್ತಿಟ್ಟುಕೊಂಡರೆ ತುದಿ ಎಷ್ಟು ದೂರ ಹೋಗಿದೆ ಅನ್ನುವುದು ಗೊತ್ತಾಗುತ್ತದೆ. ಬೆಂಡಿಗೆ ತಗುಲಿದರೆ ಗಟ್ಟಿಯಾಗಿ ಕಟ್ ಅಂದು ನಿಲ್ಲುತ್ತದೆ. ಅಲ್ಲಿ ತಳ್ಳದೆ, ನಿಂತಲ್ಲೇ ಎಂಟು ಹತ್ತು ಸುತ್ತು ತಿರುಗಿಸಿದರೆ ತುದಿ ತಾನಾಗಿ ಹೊರಳಿಕೊಳ್ಳುತ್ತದೆ. ಜಿಡ್ಡಿಗೆ ತಗುಲಿದ್ದು ಬೇರೆ ತರಹ: ಹಿಡಿಕೆ ಭಾರವಾಗುತ್ತದೆ, ಆದರೆ ನಿಲ್ಲುವುದಿಲ್ಲ. ಹಿಟ್ಟು ನಾದಿದ ಹಾಗೆ ಕೈಗೆ ಗೊತ್ತಾಗುತ್ತದೆ. ಆ ಸಲ ಬೆಂಡು ದಾಟಿ ಸುಮಾರು 1.4 ಮೀಟರಿನಲ್ಲಿ ಸಿಕ್ಕಿತು.

ಜಿಡ್ಡು ಸಿಕ್ಕ ಜಾಗದಲ್ಲಿ ಅರ್ಧ ಮೀಟರಿನಷ್ಟು ಮುಂದೆ ಹಿಂದೆ ಮಾಡುತ್ತ, ತಿರುಗಿಸುತ್ತಲೇ ಇರಬೇಕು. ಇಲ್ಲಿ ಅವಸರ ಮಾಡಿದರೆ ತಂತಿ ಜಿಡ್ಡಿನ ನಡುವೆ ಬೆರಳಗಲ ತೂತು ಮಾಡಿ ಹೊರಬರುತ್ತದೆ. ನೀರು ಸೊರ್ ಅಂತ ಹೋಗುತ್ತದೆ, ಕೆಲಸ ಆಯಿತು ಅನಿಸುತ್ತದೆ, ಮೂರು ವಾರಕ್ಕೆ ಮತ್ತೆ ಕಟ್ಟುತ್ತದೆ. ಹತ್ತು ನಿಮಿಷವಾದರೂ ಕೆರೆಯಿರಿ. ಹೊರಗೆ ತೆಗೆಯುವಾಗಲೂ ಅದೇ ದಿಕ್ಕಿನಲ್ಲಿಯೇ ತಿರುಗಿಸಿ, ಉಲ್ಟಾ ತಿರುಗಿಸಿದರೆ ಸುರುಳಿ ಬಿಚ್ಚಿ ಬೆಂಡಿನಲ್ಲಿ ಸಿಕ್ಕಿಕೊಳ್ಳುತ್ತದೆ. ಹೊರಬರುವ ತುದಿ ಚಿಮ್ಮುತ್ತದೆ, ಆದ್ದರಿಂದ ರಬ್ಬರ್ ಗ್ಲೌಸ್ ಮತ್ತು ಕನ್ನಡಕ ಇರಲಿ, ತಂತಿಯನ್ನು ಹಳೆಯ ಬಟ್ಟೆಯಲ್ಲಿ ಹಿಡಿದು ಒರೆಸುತ್ತ ಎಳೆಯಿರಿ. ತುದಿಗೆ ಬಟ್ಟೆ ಕಟ್ಟಿ ಒಳಗೆ ಕಳಿಸುವ ಉಪಾಯ ಕೆಲವರು ಹೇಳುತ್ತಾರೆ. ಬಟ್ಟೆ ಒಳಗೇ ಉಳಿದರೆ ಗೋಡೆ ಒಡೆಯುವ ಖರ್ಚು.

ಕೆರೆದ ಮೇಲೆ 35 ಸೆಕೆಂಡಿಗೆ ಬಂತು. ಉಳಿದ ಮೆತ್ತನೆಯ ಜಿಡ್ಡಿಗೆ ವಾಷಿಂಗ್ ಸೋಡಾ, ಅಡುಗೆ ಸೋಡಾ ಅಲ್ಲ. 2 ಲೀಟರ್ ಕುದಿಯುವ ನೀರಿಗೆ ಎರಡೂವರೆ ಲೀಟರ್ ನಳದ ನೀರು ಬೆರೆಸಿದರೆ 60 ಡಿಗ್ರಿಯ ಒಳಗೇ ಇರುತ್ತದೆ. ಬ್ಯಾಸಗಿಯಲ್ಲಿ ಟಾಕಿಯ ನೀರೇ ಕಾದಿರುವುದರಿಂದ 3 ಲೀಟರಿಗಿಂತ ತುಸು ಜಾಸ್ತಿ ಬೆರೆಸಿ. ಇದರಲ್ಲಿ 100 ಗ್ರಾಂ ವಾಷಿಂಗ್ ಸೋಡಾ ಪೂರ್ತಿ ಕರಗಿಸಿ, ಟ್ರ್ಯಾಪ್ ಜೋಡಿಸಿದ ಮೇಲೆ ಅರ್ಧ ನಿಧಾನಕ್ಕೆ ಸುರಿದು, ಹತ್ತು ನಿಮಿಷ ಬಿಟ್ಟು ಉಳಿದದ್ದನ್ನು ಸುರಿಯಿರಿ. ಕೊನೆಗೆ ಒಂದು ಬಕೆಟ್ ತಣ್ಣೀರನ್ನು ಒಮ್ಮೆಲೇ ಬಿಟ್ಟರೆ ಸಡಿಲಾದದ್ದು ಚೇಂಬರಿನವರೆಗೆ ಹೋಗುತ್ತದೆ. ಆಮೇಲೆ ಅಳೆದಾಗ 27 ಸೆಕೆಂಡ್. ಅಡುಗೆ ಸೋಡಾಕ್ಕೆ ವಿನೆಗರ್ ಅಥವಾ ನಿಂಬೆರಸ ಹಾಕಿ ನೊರೆ ಎಬ್ಬಿಸುವುದು ಕಣ್ಣಿಗೆ ಚಂದ. ಕ್ಷಾರವೂ ಆಮ್ಲವೂ ಒಂದನ್ನೊಂದು ಕಳೆದುಕೊಂಡು ಉಳಿಯುವುದು ಬರೀ ಉಪ್ಪುನೀರು, ಜಿಡ್ಡು ಇದ್ದಲ್ಲೇ ಇರುತ್ತದೆ.

ಜೋಡಿಸುವಾಗ ತಪ್ಪುವುದು ವಾಶರಿನಲ್ಲಿ. ಒಂದು ಬದಿ ಇಳಿಜಾರಾಗಿರುವ ವಾಶರಿನ ಚೂಪು ಅಂಚು ಟ್ರ್ಯಾಪಿನ ಕಡೆಗೆ, ಚಪ್ಪಟೆ ಬದಿ ನಟ್ಟಿನ ಕಡೆಗೆ ಇರಬೇಕು. ಕೈಯಿಂದ ಬಿಗಿ ಮಾಡಿ ಆಮೇಲೆ ಕಾಲು ಸುತ್ತು ಸಾಕು. ಕೆಳಗೆ ಹಳೆಯ ಪೇಪರ್ ಹಾಸಿ ತುಂಬಿದ ಸಿಂಕು ಬಿಟ್ಟರೆ ಒಂದು ಹನಿ ಸೋರಿದರೂ ಪೇಪರಿನ ಮೇಲೆ ಗುರುತು ಬೀಳುತ್ತದೆ.

ಅಂಗಡಿಯ ಕಾಸ್ಟಿಕ್ ಪುಡಿಗೆ ಹೋಲಿಸಿ ಕೇಳುವವರಿಗೆ: ಕಾಸ್ಟಿಕ್ ಜಿಡ್ಡನ್ನು ಸಾಬೂನು ಮಾಡುತ್ತದೆ ಅನ್ನುವುದು ನಿಜ. ಆದರೆ ನೀರಿಗೆ ಬಿದ್ದ ಕೂಡಲೇ ಕಾಯುತ್ತದೆ. ನಿಂತ ನೀರಿನಲ್ಲಿ ತಳಕ್ಕಿಳಿದು ಟ್ರ್ಯಾಪಿನ ಕಪ್ಪಿನಲ್ಲಿ ಗಟ್ಟಿ ಗಡ್ಡೆಯಾಗಿ ಕೂತು ಅಲ್ಲಿಯ ಪ್ಲಾಸ್ಟಿಕ್ಕನ್ನೇ ಬಿಸಿ ಮಾಡುತ್ತದೆ. ಅದರ ಮೇಲೆ ಪಾಯಖಾನೆ ತೊಳೆಯುವ ಆಸಿಡ್ ಹಾಕಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ, ಸ್ಟೀಲ್ ಸಿಂಕಿಗೂ ಕಪ್ಪು ಚುಕ್ಕೆ ಬೀಳುತ್ತದೆ. ಪುಡಿ ಹಾಕಿದ ಸಿಂಕಿನ ಟ್ರ್ಯಾಪ್ ಬಿಚ್ಚುವುದಾಗಲಿ ಸ್ಪ್ರಿಂಗ್ ಹಾಕುವುದಾಗಲಿ ಮಾಡಬೇಡಿ. ಪ್ಲಂಬರನ್ನು ಕರೆದರೆ ಪುಡಿ ಹಾಕಿದ್ದನ್ನು ಮೊದಲೇ ಹೇಳಿ. ಚರ್ಮಕ್ಕೆ ಅಥವಾ ಕಣ್ಣಿಗೆ ಸಿಡಿದರೆ ಕನಿಷ್ಠ 15–20 ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ಕಣ್ಣಾದರೆ ತಡಮಾಡದೆ ದವಾಖಾನೆಗೆ ಹೋಗಿ.

ಇನ್ನು ವಸ್ತುವಿನ ಬಾಳಿಕೆ. ತುದಿಯ ಒಂದಡಿಗೆ ಮೊದಲ ಮಳೆಗಾಲದಲ್ಲೇ ತುಕ್ಕು ಬಂತು. ಆಮೇಲೆ ಪ್ರತಿ ಸಲ ತೊಳೆದು, ಬಿಸಿಲಿಗೆ ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆ ಒರೆಸಿ ಇಟ್ಟಿದ್ದಕ್ಕೆ ತುಕ್ಕು ಮುಂದೆ ಹಬ್ಬಿಲ್ಲ. ಒದ್ದೆ ತಂತಿಯನ್ನು ಡಬ್ಬಿಯೊಳಗೆ ಸುತ್ತಿದರೆ ಒಳಗೇ ಕೊಳೆಯುತ್ತದೆ, ಡಬ್ಬಿಯ ತಳದಲ್ಲಿ ನೀರು ಹೋಗಲು ತೂತೂ ಇಲ್ಲ. ತಂತಿ ಹಿಡಿಯುವ ಸ್ಕ್ರೂ ಎರಡನೇ ವರ್ಷ ಜಾರತೊಡಗಿತು, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಚಿಟ್ಟೆ ಬೋಲ್ಟು ಹಾಕಿದ ಮೇಲೆ ಸರಿಯಾಗಿದೆ. ಒಂದು ಅಂಕ ಈ ಎರಡಕ್ಕೆ ಹೋಯಿತು. ಇನ್ನರ್ಧ ಕಳೆದದ್ದು ಪೆಟ್ಟಿಗೆಯ ಮೇಲಿನ ಚಿತ್ರಕ್ಕೆ. ಅದರಲ್ಲಿ ನಗುನಗುತ್ತ ನಿಂತ ಹೆಣ್ಣುಮಗಳು ತಂತಿಯನ್ನು ಸಿಂಕಿನ ಜಾಳಿಗೆಯಿಂದಲೇ ಇಳಿಬಿಡುತ್ತಿದ್ದಾಳೆ, ಗ್ಲೌಸೂ ಇಲ್ಲದೆ.