ಗೆರೆಯೋ ಝೋನೋ: ಒಂದೇ ಸಪೋರ್ಟನ್ನು ಮೂರು ಬಗೆಯಲ್ಲಿ ಎಳೆದು ನೋಡಿದಾಗ

ಷೇರಿನ ಚಾರ್ಟ್ ಓದಲು ಹೊಸದಾಗಿ ಕಲಿಯುವವರು ಸಪೋರ್ಟನ್ನು, ಅಂದರೆ ಇಳಿಯುವ ಬೆಲೆ ತಡೆದು ನಿಂತು ಮತ್ತೆ ಮೇಲೇಳುವ ಮಟ್ಟವನ್ನು, ಎಳೆಯಲು ಕೂತ ಕೂಡಲೇ ಒಂದು ಪ್ರಶ್ನೆಗೆ ಸಿಕ್ಕಿಕೊಳ್ಳುತ್ತಾರೆ. ಗೆರೆಯನ್ನು ಕ್ಯಾಂಡಲ್‌ನ ವಿಕ್ ತುದಿಗೆ, ಅಂದರೆ ಆ ದಿನದ ಕನಿಷ್ಠ ಬೆಲೆಗೆ ಇಡಬೇಕೋ, ಆರಂಭ ಮತ್ತು ಮುಕ್ತಾಯದ ಬೆಲೆಗಳ ನಡುವಿನ ಬಾಡಿಯ ಅಂಚಿಗೆ ಇಡಬೇಕೋ? ನಾನು ಮೂರು ದಾರಿಗಳನ್ನೂ ದಿನದ ಚಾರ್ಟ್‌ಗಳ ಮೇಲೆ ಪ್ರಯೋಗಿಸಿ ನೋಡಿದ್ದೇನೆ: ವಿಕ್ ತುದಿಗೆ ಒಂದೇ ಗೆರೆ, ಮುಕ್ತಾಯದ ಬೆಲೆಗೆ ಒಂದೇ ಗೆರೆ, ಎರಡನ್ನೂ ಒಳಗೊಂಡ ಅಗಲದ ಪಟ್ಟಿ, ಅಂದರೆ ಝೋನ್. ಚಾರ್ಟ್‌ನ ಬಲಭಾಗವನ್ನು ಮುಚ್ಚಿ, ಒಂದೊಂದೇ ಕ್ಯಾಂಡಲ್ ತೆರೆಯುತ್ತಾ ಹೋಗುವುದು ನನ್ನ ಕ್ರಮ. ಮುಂದೇನಾಯಿತು ಎಂಬುದು ಕಣ್ಣಿಗೆ ಬಿದ್ದ ಮೇಲೆ ಯಾವ ಗೆರೆಯಾದರೂ ಸರಿಯಾಗಿಯೇ ಕಾಣುತ್ತದೆ. ದಿನದ ಚಾರ್ಟ್‌ಗೆ ನಾನು ಆರಿಸಿಕೊಂಡದ್ದು ಝೋನ್. ಆದರೆ ಅದಕ್ಕೆ ತೆರಬೇಕಾದ ಬೆಲೆ ಸಣ್ಣದಲ್ಲ, ಅದನ್ನೂ ಇಲ್ಲಿ ಲೆಕ್ಕ ಹಾಕಿ ತೋರಿಸುತ್ತೇನೆ.

ಉದಾಹರಣೆಗೆ ಒಂದು ಷೇರನ್ನು ತೆಗೆದುಕೊಳ್ಳೋಣ. ಅಂಕಿಗಳನ್ನು ಲೆಕ್ಕಕ್ಕೆ ಸುಲಭವಾಗಲೆಂದು ನಾನೇ ಹೊಂದಿಸಿದ್ದೇನೆ. ಬೆಲೆ ಕೆಲವು ವಾರಗಳ ಅಂತರದಲ್ಲಿ ಮೂರು ಬಾರಿ ಇಳಿದು, ಮೂರು ಬಾರಿಯೂ ಚೆನ್ನಾಗಿ ಮೇಲೆದ್ದಿದೆ. ಮೊದಲ ಸಲ ತಿರುಗಿದ ದಿನದ ಕ್ಯಾಂಡಲ್ 201ಕ್ಕೆ ಆರಂಭವಾಗಿ, 196.2ರವರೆಗೆ ಇಳಿದು, 198.6ಕ್ಕೆ ಮುಗಿಯಿತು. ಎರಡನೇ ಸಲ ಆರಂಭ 200.4, ಕನಿಷ್ಠ 198.1, ಮುಕ್ತಾಯ 201.9. ಮೂರನೇ ಸಲ ಆರಂಭ 198.9, ಕನಿಷ್ಠ 197, ಮುಕ್ತಾಯ 200.7.

ವಿಕ್ ಗೆರೆ ಎಳೆಯುವವರು 196.2ಕ್ಕೆ ಗೆರೆ ಹಾಕುತ್ತಾರೆ. ನೋಡಲು ಅಚ್ಚುಕಟ್ಟಾಗಿರುತ್ತದೆ, ಬೆಲೆ ಒಮ್ಮೆಯೂ ಅದರ ಕೆಳಗೆ ಹೋಗಿಲ್ಲ. ಆದರೆ ಆ ಬೆಲೆಯನ್ನು ನಿಜಕ್ಕೂ ಮುಟ್ಟಿದ್ದು ಮೊದಲ ಸಲ ಮಾತ್ರ. 196.2ಕ್ಕೇ ಆರ್ಡರ್ ಇಟ್ಟು ಕಾದವರಿಗೆ ಎರಡನೇ ಸಲವೂ ಮೂರನೇ ಸಲವೂ ಷೇರು ಸಿಗುತ್ತಿರಲಿಲ್ಲ. ಇದಕ್ಕೆ ಕಾರಣ ಖರೀದಿದಾರರು ಇರುವ ರೀತಿಯಲ್ಲೇ ಇದೆ. ಕೆಲವರು 200ರಂಥ ದುಂಡು ಸಂಖ್ಯೆಗೆ ಆರ್ಡರ್ ಇಡುತ್ತಾರೆ, ಕೆಲವರು ಹಿಂದಿನ ಮುಕ್ತಾಯ ನೋಡಿ ಇಡುತ್ತಾರೆ, ಇನ್ನು ಕೆಲವರು ಹಿಂದಿನ ಕನಿಷ್ಠಕ್ಕಿಂತ ತುಸು ಮೇಲೆ ಇಡುತ್ತಾರೆ. ದೊಡ್ಡ ಮೊತ್ತ ಕೊಳ್ಳುವವರು ತಮ್ಮ ಆರ್ಡರನ್ನು ತುಂಡು ಮಾಡಿ ಹಲವು ಬೆಲೆಗಳಲ್ಲಿ ಹರಡುತ್ತಾರೆ. ಹೀಗಾಗಿ ಬೇಡಿಕೆ ಒಂದು ಬೆಲೆಯಲ್ಲಿ ನಿಂತಿರುವುದಿಲ್ಲ, ಒಂದಷ್ಟು ಅಗಲಕ್ಕೆ ಚೆಲ್ಲಿಕೊಂಡಿರುತ್ತದೆ. ವಿಕ್‌ನ ತುದಿ ಎಂದರೆ ಆ ದಿನದ ಅತಿ ಕಡಿಮೆ ಬೆಲೆಗೆ ನಡೆದ ವಹಿವಾಟು, ಅಷ್ಟೇ. ಅದು ತೀರಾ ಸಣ್ಣ ವಹಿವಾಟೂ ಆಗಿರಬಹುದು.

ಮುಕ್ತಾಯದ ಗೆರೆಯವರು ಲೈನ್ ಚಾರ್ಟ್ ಹಾಕಿಕೊಂಡು ವಿಕ್‌ಗಳನ್ನು ಪೂರ್ತಿ ಬಿಟ್ಟುಬಿಡುತ್ತಾರೆ. ಇಲ್ಲಿ ಅವರ ಗೆರೆ 198.6ಕ್ಕೆ ಬರುತ್ತದೆ. ದಿನವಿಡೀ ಬೆಲೆಯ ಹಿಂದೆ ಓಡದೆ ಸಂಜೆ ಒಮ್ಮೆ ನೋಡಿ ನಿರ್ಧರಿಸುವ ಶಿಸ್ತು ಇದರಿಂದ ಬರುತ್ತದೆ, ಅದು ನನಗೆ ಬಹಳ ಇಷ್ಟವಾಯಿತು. ತೊಡಕು ಸ್ಟಾಪ್‌ಲಾಸ್, ಅಂದರೆ ಬೆಲೆ ಇಷ್ಟಕ್ಕೆ ಇಳಿದರೆ ಮಾರಿಬಿಡು ಎಂಬ ಆರ್ಡರ್, ಇಡುವಾಗ ಎದುರಾಗುತ್ತದೆ. ಬೆಲೆ ದಿನದ ನಡುವೆ ಎಷ್ಟು ಕೆಳಗೆ ಇಣುಕಿ ಬರುತ್ತದೆ ಎಂಬುದು ಈ ಚಾರ್ಟ್‌ನಲ್ಲಿ ಕಾಣುವುದೇ ಇಲ್ಲ. 198ಕ್ಕೆ ಸ್ಟಾಪ್ ಇಟ್ಟಿದ್ದರೆ ಮೂರನೇ ಸಲ 197ರವರೆಗೆ ಇಳಿದಾಗಲೇ ಹೊರಬೀಳುತ್ತಿದ್ದೆವು, ಬೆಲೆ ಮಾತ್ರ ಅದೇ ದಿನ 200.7ಕ್ಕೆ ಮುಗಿದಿದೆ.

ಈಗ ಝೋನ್. ಕೆಳ ಅಂಚು ಅತಿ ಕೆಳಗಿನ ವಿಕ್‌ಗೆ, ಅಂದರೆ 196.2ಕ್ಕೆ. ಮೇಲಿನ ಅಂಚಿಗೆ ಬಾಡಿಗಳ ಕೆಳತುದಿಗಳನ್ನು ನೋಡಬೇಕು: 198.6, 200.4, 198.9. ಎರಡು ಹತ್ತಿರ ಹತ್ತಿರ ಇವೆ, ಒಂದು ದೂರ ನಿಂತಿದೆ. ಹತ್ತಿರ ಇರುವ ಎರಡನ್ನು ಒಳಗೊಳ್ಳುವಂತೆ ಮೇಲಿನ ಅಂಚನ್ನು 199ಕ್ಕೆ ಇಟ್ಟೆ. 200.4ನ್ನೂ ಸೇರಿಸಿಕೊಂಡರೆ ತಪ್ಪೇನು ಎಂದು ಕೇಳಬಹುದು. ಅದನ್ನು ತೀರ್ಮಾನಿಸಲು ನಾನು ಎಟಿಆರ್, ಅಂದರೆ ಆ್ಯವರೇಜ್ ಟ್ರೂ ರೇಂಜ್ ನೋಡುತ್ತೇನೆ. ವೈಲ್ಡರ್ 1978ರಲ್ಲಿ ಪರಿಚಯಿಸಿದ ಈ ಅಳತೆ, ಒಂದು ಷೇರು ಸಾಮಾನ್ಯವಾಗಿ ದಿನಕ್ಕೆ ಎಷ್ಟು ಅಲುಗಾಡುತ್ತದೆ ಎಂಬುದನ್ನು ಹಿಂದಿನ ಮುಕ್ತಾಯದಿಂದಾದ ಜಿಗಿತವನ್ನೂ ಸೇರಿಸಿ ಹೇಳುತ್ತದೆ. 14 ದಿನಗಳ ಸರಾಸರಿ ಬಹುತೇಕ ಚಾರ್ಟ್ ತಂತ್ರಾಂಶಗಳಲ್ಲಿ ಸಿಗುತ್ತದೆ. ನಮ್ಮ ಷೇರಿಗೆ ಅದು 4 ಎಂದಿಟ್ಟುಕೊಳ್ಳಿ. 196.2ರಿಂದ 199ರವರೆಗಿನ ಅಗಲ 2.8, ಅಂದರೆ ಎಟಿಆರ್‌ನ 0.7 ಪಾಲು. ಮೇಲಂಚನ್ನು 200.4ಕ್ಕೆ ಎತ್ತಿದರೆ ಅಗಲ 4.2 ಆಗಿ ಒಂದಿಡೀ ಎಟಿಆರನ್ನೇ ಮೀರುತ್ತದೆ. ಷೇರು ಒಂದು ಸಾಧಾರಣ ದಿನದಲ್ಲಿ ಓಡಾಡುವ ದೂರಕ್ಕಿಂತ ಅಗಲವಾದ ಝೋನ್ ಏನನ್ನೂ ತಿಳಿಸುವುದಿಲ್ಲ, ಬೆಲೆ ಸುಮ್ಮನೆ ಅದರೊಳಗೆ ಅಡ್ಡಾಡಿಕೊಂಡಿರುತ್ತದೆ. ಅರ್ಧದಿಂದ ಮುಕ್ಕಾಲು ಎಟಿಆರ್ ನನಗೆ ಹಿತವೆನಿಸಿದ ಅಗಲ, ಒಂದು ಎಟಿಆರ್ ಗರಿಷ್ಠ ಮಿತಿ. ಇದು ಶಾಸ್ತ್ರದ ನಿಯಮವಲ್ಲ, ನನ್ನ ಪ್ರಯೋಗದಲ್ಲಿ ನೆಲೆನಿಂತ ಅಳತೆ. ಸುದ್ದಿಯೊಂದು ಬಂದ ದಿನ 190ರವರೆಗೆ ಚಾಚಿದ ಒಂಟಿ ವಿಕ್ ಇದ್ದರೆ ಅದನ್ನು ಝೋನ್‌ಗೆ ಸೇರಿಸುವುದಿಲ್ಲ.

ನಾಲ್ಕನೇ ಸಲ ಬೆಲೆ ಇಳಿದು ಬಂದಾಗ ಮೂರೂ ವಿಧಾನಗಳ ದಾರಿ ಬೇರೆಯಾಗುತ್ತದೆ. ಆ ದಿನದ ಕನಿಷ್ಠ 195.6, ಮುಕ್ತಾಯ 198.3. ಮರುದಿನ 198.8ಕ್ಕೆ ಆರಂಭ, 201.6ಕ್ಕೆ ಮುಕ್ತಾಯ. ವಿಕ್ ಗೆರೆಯವರು ಗೆರೆಗಿಂತ ತುಸು ಮೇಲೆ 197ಕ್ಕೆ ಕೊಂಡು, ತುಸು ಕೆಳಗೆ 195.9ಕ್ಕೆ ಸ್ಟಾಪ್ ಇಟ್ಟಿರುತ್ತಾರೆ, ಅದೇ ದಿನ ಹೊರಗೆ ಬೀಳುತ್ತಾರೆ. ಮುಕ್ತಾಯದ ಗೆರೆಯವರು 198.3 ಎಂಬುದು 198.6ಕ್ಕಿಂತ ಕಡಿಮೆ ಎಂದು ನೋಡಿ, ಸಪೋರ್ಟ್ ಮುರಿಯಿತು ಎಂದುಕೊಳ್ಳುತ್ತಾರೆ. ಝೋನ್ ಇಟ್ಟುಕೊಂಡವರಿಗೆ ಬೆಲೆ ಇನ್ನೂ ಒಳಗೇ ಮುಗಿದಿದೆ, ತೀರ್ಮಾನಿಸಲು ಏನೂ ಇಲ್ಲ. ಮರುದಿನ ಬೆಲೆ ಮೇಲಂಚಿನ ಆಚೆ ಮುಗಿದಾಗ 201.6ಕ್ಕೆ ಕೊಳ್ಳುತ್ತಾರೆ, ಸ್ಟಾಪನ್ನು ಕೆಳಂಚಿಗಿಂತ ಕಾಲು ಎಟಿಆರ್ ಕೆಳಗೆ, 195.2ಕ್ಕೆ ಇಡುತ್ತಾರೆ.

ಈಗ ಬೆಲೆ ತೆರುವ ಮಾತು. ಏರುವ ಬೆಲೆಯನ್ನು ತಡೆಯುವ ಮೇಲಿನ ರೆಸಿಸ್ಟೆನ್ಸ್ ಝೋನ್ 214ರಿಂದ 217ರವರೆಗೆ ಇದೆ ಎನ್ನಿ. ಅದನ್ನು ಎಳೆಯುವುದು ಇದರ ತಲೆಕೆಳಗು: ಅತಿ ಎತ್ತರದ ವಿಕ್‌ನಿಂದ ಬಾಡಿಗಳ ಮೇಲ್ತುದಿಗಳವರೆಗೆ. ಗುರಿಯನ್ನು ಹತ್ತಿರದ ಅಂಚಾದ 214ಕ್ಕೇ ಇಡಬೇಕು, ಯಾಕೆಂದರೆ ಮಾರುವವರು ಅಲ್ಲಿಂದಲೇ ಶುರುವಾಗುತ್ತಾರೆ. ಝೋನ್‌ನವರಿಗೆ ಲಾಭದ ದೂರ 12.4, ನಷ್ಟದ ದೂರ 6.4, ಅನುಪಾತ ಎರಡಕ್ಕಿಂತ ತುಸು ಕಡಿಮೆ. ವಿಕ್ ಗೆರೆಯವರಿಗೆ ಲಾಭದ ದೂರ 17, ನಷ್ಟದ ದೂರ ಬರೀ 1.1, ಅನುಪಾತ ಹದಿನೈದಕ್ಕೂ ಹೆಚ್ಚು. ಹೊಸಬರು ಗೆರೆಗೆ ಮನಸೋಲುವುದು ಈ ಹದಿನೈದನ್ನು ನೋಡಿಯೇ.

ಆ ಅಂಕಿಯ ಒಳಗೆ ಏನಿದೆ ಎಂದು ಬಿಡಿಸಿ ನೋಡಿ. ಒಂದು ವ್ಯವಹಾರದಲ್ಲಿ ಹೆಚ್ಚೆಂದರೆ 640 ಕಳೆದುಕೊಳ್ಳಬಹುದು ಎಂದು ಇಬ್ಬರೂ ನಿಯಮ ಹಾಕಿಕೊಂಡಿದ್ದಾರೆ. ಝೋನ್‌ನವರು 6.4ರ ದೂರಕ್ಕೆ 100 ಷೇರು ಕೊಳ್ಳುತ್ತಾರೆ. ಗೆರೆಯವರು 1.1ರ ದೂರಕ್ಕೆ 581 ಷೇರು ಕೊಳ್ಳುತ್ತಾರೆ. ಇಬ್ಬರ ಕೈಯಲ್ಲೂ ಷೇರು ಇರುವಾಗ ಒಂದು ಬೆಳಿಗ್ಗೆ ಬೆಲೆ ಗ್ಯಾಪ್ ಆಗಿ ನೇರ 193ಕ್ಕೆ ತೆರೆದರೆ ಸ್ಟಾಪ್ ಇಟ್ಟ ಬೆಲೆ ಇಬ್ಬರಿಗೂ ಸಿಗುವುದಿಲ್ಲ, 193ರ ಆಸುಪಾಸಿನಲ್ಲಿ ಮಾರಬೇಕಾಗುತ್ತದೆ. ಝೋನ್‌ನವರ ನಷ್ಟ 860. ಗೆರೆಯವರದು 2,324. ಕಡಿಮೆ ಬೆಲೆಗೆ ಕೊಂಡವರೇ ಹೆಚ್ಚು ಕಳೆದುಕೊಳ್ಳುತ್ತಾರೆ! ಬಿಗಿಯಾದ ಸ್ಟಾಪ್ ಅಪಾಯವನ್ನು ಕಡಿಮೆ ಮಾಡುವುದಿಲ್ಲ, ಷೇರುಗಳ ಸಂಖ್ಯೆಯಲ್ಲಿ ಅಡಗಿಸಿಡುತ್ತದೆ. ಗೆರೆಗಿಂತ ಝೋನ್ ಮೇಲು ಎಂದು ನಾನು ಹೇಳಲು ಸಪೋರ್ಟ್ ಮುರಿದಂತೆ ತೋರಿ ಬೆಲೆ ಮತ್ತೆ ಮೇಲೇಳುವ ಸುಳ್ಳು ಬ್ರೇಕ್‌ಔಟ್‌ಗಳಿಗಿಂತ ದೊಡ್ಡ ಕಾರಣ ಇದೇ.

ನಡುವಿನ ದಾರಿಯೂ ಉಂಟು. ಮರುದಿನದವರೆಗೆ ಕಾಯದೆ ಮೇಲಂಚಾದ 199ಕ್ಕೇ ಲಿಮಿಟ್ ಆರ್ಡರ್ ಇಟ್ಟು, ಸ್ಟಾಪನ್ನು ಅದೇ 195.2ಕ್ಕೆ ಇಡಬಹುದು. ನಷ್ಟದ ದೂರ 3.8, ಲಾಭದ ದೂರ 15. ಅನುಪಾತ ಚೆನ್ನಾಗಿಯೇ ಇದೆ, ಆದರೆ ಸಪೋರ್ಟ್ ಮುರಿದು ಬೀಳುವ ಎಲ್ಲ ಸಂದರ್ಭಗಳಲ್ಲೂ ಈ ಆರ್ಡರ್ ತುಂಬಿಯೇ ತುಂಬುತ್ತದೆ. ಕಾಯುವವರು ಅವುಗಳಲ್ಲಿ ಬಹುಪಾಲನ್ನು ತಪ್ಪಿಸಿಕೊಳ್ಳುತ್ತಾರೆ. ಹೊಸಬರಿಗೆ ನಾನು ಕಾಯುವುದನ್ನೇ ಹೇಳುತ್ತೇನೆ.

ಝೋನ್ ಸೋಲುವುದು ಸಪೋರ್ಟ್ ನಿಜವಾಗಿ ಮುರಿದಾಗ. ಬೆಲೆ ಮೆಲ್ಲಗೆ ಜಾರುತ್ತಾ ಬಂದಾಗ ಗೆರೆಯವರು 195.9ಕ್ಕೇ ಹೊರಗೆ ಬಂದಿರುತ್ತಾರೆ, ಝೋನ್‌ನವರು ಕಾಲು ಎಟಿಆರ್ ಹೆಚ್ಚುವರಿ ಜಾಗ ಕೊಟ್ಟಿರುವುದರಿಂದ ತಡವಾಗಿ ಹೊರಬರುತ್ತಾರೆ. ಇದಕ್ಕೆ ಮದ್ದಿಲ್ಲ, ಅಗಲದ ಬೆಲೆಯೇ ಅದು. ಇನ್ನೊಂದು ಅಪಾಯವನ್ನು ತಡೆಯಬಹುದು: ಷೇರು ಕೈಯಲ್ಲಿರುವಾಗ ಕೆಳಂಚನ್ನು ಇನ್ನಷ್ಟು ಕೆಳಗೆ ಎಳೆಯುವ ಆಸೆ. ಅಂಚನ್ನು ಬದಲಿಸಲೇಬಾರದು ಎಂದಲ್ಲ. ಬೆಲೆ ಝೋನ್ ಬಿಟ್ಟು ಮೇಲೆ ಹೋದ ಮೇಲೆ, ಕೈಯಲ್ಲಿ ಷೇರು ಇಲ್ಲದಾಗ, 195.6ನ್ನು ಹೊಸ ಕೆಳಂಚು ಮಾಡಿಕೊಳ್ಳಬಹುದು. ಆಗ ಅಗಲ 3.4. ಮುಂದೊಮ್ಮೆ 195ರ ಕೆಳಗೆ ಇಣುಕಿದರೆ ಮಿತಿ ಮೀರಿತು, ಆ ಝೋನನ್ನು ಅಳಿಸುವುದೇ ಸರಿ. ಅಂದಹಾಗೆ ಎರಡನೇ ಭೇಟಿಯಿಂದ ಈಚಿನ ಕನಿಷ್ಠಗಳನ್ನು ಸಾಲಾಗಿ ಓದಿ: 198.1, 197, 195.6. ಪ್ರತಿ ಸಲವೂ ಬೆಲೆ ತಿರುಗಲು ಹಿಂದಿಗಿಂತ ಆಳಕ್ಕೆ ಹೋಗಬೇಕಾಗಿದೆ. ಝೋನ್ ಹಿಡಿದಿದೆ, ಆದರೆ ಒಳಗಿನ ಖರೀದಿದಾರರು ಕರಗುತ್ತಿರಬಹುದು. ಹಾಗಾಗಿ ಐದನೇ ಭೇಟಿಗೆ ನಾನು ಅರ್ಧ ಪ್ರಮಾಣದಲ್ಲಷ್ಟೇ ಕೈ ಹಾಕುತ್ತೇನೆ. ವಿಕ್ ಗೆರೆ ಒಂದನ್ನೇ ಇಟ್ಟುಕೊಂಡಿದ್ದರೆ ಈ ಸೂಚನೆ ಕಣ್ಣಿಗೆ ಬೀಳುವುದು ಕಷ್ಟ.

ಗೆರೆಯನ್ನು ನಾನು ಪೂರ್ತಿ ಬಿಟ್ಟಿಲ್ಲ. ಷೇರು ಎಂದೂ ಕಾಣದ ಎತ್ತರವನ್ನು ಒಮ್ಮೆ ಮಾತ್ರ ಮುಟ್ಟಿ ಬಂದಿದ್ದರೆ ಅಲ್ಲಿ ಝೋನ್ ಕಟ್ಟಲು ಬಿಂದುಗಳೇ ಇರುವುದಿಲ್ಲ, ಆ ಗರಿಷ್ಠಕ್ಕೆ ಒಂದು ಗೆರೆ ಸಾಕು. ಗ್ಯಾಪ್‌ನ ಅಂಚಿಗೂ ಅಷ್ಟೇ. ಇನ್ನು ಕಿರು ಅವಧಿಯ ಚಾರ್ಟ್‌ಗಳಲ್ಲಿ ದಿನದ ಝೋನ್ ಪರದೆಯ ಅರ್ಧವನ್ನೇ ನುಂಗಿಬಿಡುತ್ತದೆ. ಅಲ್ಲಿ ದಿನದ ಝೋನ್‌ನ ಎರಡು ಅಂಚುಗಳನ್ನು ಗೆರೆಗಳಾಗಿ ಉಳಿಸಿಕೊಂಡು, ಒಳಗಿನ ಸಣ್ಣ ಝೋನ್‌ಗಳನ್ನು ಆ ಅವಧಿಯದೇ ಎಟಿಆರ್‌ನಿಂದ ಅಳೆದು ಎಳೆಯುತ್ತೇನೆ.