ಉಳಿತಾಯದಲ್ಲಿ ಪಾಲು ಕೇಳುವ ಮುನ್ನ ಇದನ್ನು ಓದಿ

ಗಂಟೆ ಲೆಕ್ಕದಲ್ಲಿ ಕೆಲಸ ಮಾಡಿ ಬೇಸತ್ತಿದ್ದೆ. ಕೆಲಸ ಬೇಗ ಮುಗಿಸಿದಷ್ಟೂ ನನಗೇ ನಷ್ಟ ಅಲ್ವಾ? ಹಾಗಾಗಿ ಒಬ್ಬ ಗ್ರಾಹಕರಿಗೆ ಹೇಳಿದೆ: "ನಿಮ್ಮ ಕ್ಲೌಡ್ ಬಿಲ್ ಇಳಿಸಿಕೊಡುತ್ತೇನೆ. ಮೊದಲ 12 ತಿಂಗಳು ಉಳಿಯುವ ಹಣದಲ್ಲಿ ಶೇ. 20 ನನಗೆ ಕೊಡಿ." ಅವರು ಖುಷಿಯಿಂದ ಒಪ್ಪಿದರು. ಅಷ್ಟು ಸುಲಭವಾಗಿ ಒಪ್ಪಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ಲೆಕ್ಕ ಸುಲಭವಾಗಲಿ ಅಂತ ಅವರ ತಿಂಗಳ ಬಿಲ್ 100 ಎಂದುಕೊಳ್ಳಿ. ಆ ಅಳತೆಯಲ್ಲಿ ನನ್ನ ಒಂದು ಗಂಟೆಯ ದರ 0.5.

ಹುಡುಕಿದಾಗ ಸಿಕ್ಕಿದ ಮುಖ್ಯ ತಪ್ಪು ನಗು ಬರುವಷ್ಟು ಚಿಕ್ಕದು. ಒಂದು ವರದಿ ದಿನವಿಡೀ ಮತ್ತೆ ಮತ್ತೆ ಓಡುತ್ತಿತ್ತು, ಪ್ರತಿ ಸಲವೂ ಆರ್ಡರ್ ಟೇಬಲ್ ಪೂರ್ತಿ ಓದುತ್ತಿತ್ತು. `created_at` ಮೇಲೆ ಇಂಡೆಕ್ಸ್ ಇತ್ತು, ಆದರೆ ಕ್ವೆರಿ ಹೀಗಿತ್ತು:

```sql
WHERE DATE(created_at) = '2024-03-01'
```

ಕಾಲಮ್ಮಿಗೆ ಫಂಕ್ಷನ್ ಸುತ್ತಿದರೆ ಮಾಮೂಲಿ ಇಂಡೆಕ್ಸ್ ಸಾಮಾನ್ಯವಾಗಿ ಉಪಯೋಗಕ್ಕೆ ಬರುವುದಿಲ್ಲ. ಹೀಗೆ ಬದಲಿಸಿದೆ:

```sql
WHERE created_at >= '2024-03-01'
  AND created_at <  '2024-03-02'
```

ಡೇಟಾಬೇಸಿನ ಮೇಲಿನ ಹೊರೆ ಇಳಿಯಿತು. ಒಂದು ವಾರ ಕಾದು ನೋಡಿ, ಮೆಷೀನನ್ನು ಚಿಕ್ಕದು ಮಾಡಿದೆವು. ಯಾರೂ ಬಳಸದೆ ಬಿದ್ದಿದ್ದ ಹಳೆಯ ಡಿಸ್ಕುಗಳನ್ನೂ ತೆಗೆದೆವು. ಒಟ್ಟು 24 ಗಂಟೆ ಕೆಲಸ. ಬಿಲ್ 60ಕ್ಕೆ ಬಂತು. ತಿಂಗಳಿಗೆ 40 ಉಳಿತಾಯ, ನನ್ನ ಪಾಲು 8. ವರ್ಷಕ್ಕೆ 96. ಗಂಟೆ ಲೆಕ್ಕದಲ್ಲಾದರೆ ಬರೀ 12 ಸಿಗುತ್ತಿತ್ತು.

ಎರಡು ತಿಂಗಳು ಸರಿಯಾಗಿ ಕೊಟ್ಟರು. ಮೂರನೇ ತಿಂಗಳು ಅವರ ವ್ಯಾಪಾರ ಬೆಳೆದು ಆರ್ಡರುಗಳು ಎರಡರಷ್ಟಾದವು. ಬಿಲ್ 95ಕ್ಕೆ ಏರಿತು. ಲೆಕ್ಕಪತ್ರ ನೋಡುವವರು ಫೋನ್ ಮಾಡಿ, "ಈ ತಿಂಗಳು ಉಳಿದಿದ್ದು 5, ನಿಮಗೆ 1" ಎಂದರು. ಪ್ರತಿ ಸಾವಿರ ಆರ್ಡರಿನ ಖರ್ಚು ಹಳೆಯದರ ಅರ್ಧಕ್ಕಿಂತ ಕಡಿಮೆಯಾಗಿತ್ತು. ಆದರೆ ಒಪ್ಪಂದದಲ್ಲಿ ಇದ್ದದ್ದು "ಈಗಿನ ಬಿಲ್ಲಿಗಿಂತ ಎಷ್ಟು ಕಡಿಮೆಯೋ ಅಷ್ಟು" ಅನ್ನುವ ಒಂದೇ ಸಾಲು. ಅದನ್ನು ಬರೆದವನೂ ನಾನೇ.

ನಾಲ್ಕನೇ ತಿಂಗಳು ಅವರು ಒಂದು ವರ್ಷದ ಮುಂಗಡ ಕರಾರು ಮಾಡಿಕೊಂಡು ರಿಯಾಯಿತಿ ಪಡೆದರು. ಬಿಲ್ 70. "ಇದು ನಾವೇ ಮಾಡಿದ್ದು, ನಿಮ್ಮದೇನೂ ಇಲ್ಲ" ಎಂದರು. ಅವರ ಮಾತನ್ನು ಪೂರ್ತಿ ತಳ್ಳಿಹಾಕುವಂತೆಯೂ ಇರಲಿಲ್ಲ. ಅದರಲ್ಲಿ ಎಷ್ಟು ಅವರದು, ಎಷ್ಟು ನನ್ನದು ಎಂದು ಬಿಡಿಸಿ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ.

ಇನ್ನೊಂದು ಎಡವಟ್ಟು ಕೂಡ ಮಾಡಿದ್ದೆ. ಹಳೆಯ ಅಭ್ಯಾಸದಂತೆ ಇನ್‌ವಾಯ್ಸಿನಲ್ಲಿ "ಕೆಲಸದ ಅವಧಿ: 24 ಗಂಟೆ" ಎಂದು ಬರೆದಿದ್ದೆ. ಜಗಳ ಶುರುವಾದಾಗ ಅವರು ಹಿಡಿದುಕೊಂಡಿದ್ದು ಅದನ್ನೇ. "24 ಗಂಟೆಗೆ ಈಗಾಗಲೇ 17 ಕೊಟ್ಟಿದ್ದೇವೆ, ಇನ್ನೆಷ್ಟು?" ಆಮೇಲೆ ನನ್ನ ಬಾಯಿ ಕಟ್ಟಿತು. ಸುಮ್ನೆ ಬಿಟ್ಟುಬಿಟ್ಟೆ. ಮೀಟಿಂಗು, ಇಮೇಲು, ಲೆಕ್ಕ ತೋರಿಸುವುದು ಅಂತ 15 ಗಂಟೆ ಹೋಗಿತ್ತು. 39 ಗಂಟೆಗೆ ನನ್ನ ಹಳೆಯ ದರದಲ್ಲೇ 19.5 ಬರುತ್ತಿತ್ತು.

ಪಾಲಿನ ಒಪ್ಪಂದವೇ ಬೇಕು ಅನ್ನುವವರು ಬಿಲ್ಲಿನ ಮೊತ್ತವನ್ನು ಅಳತೆಗೋಲು ಮಾಡಬೇಡಿ. ಸಾವಿರ ಆರ್ಡರಿಗೆ ಎಷ್ಟು ಖರ್ಚು ಅಂತ ಹಿಡಿಯಿರಿ. ಮೊದಲಿನ ಮೂರು ತಿಂಗಳ ಸರಾಸರಿ ತೆಗೆದು, ಕೆಲಸ ಶುರುವಾಗುವ ಮುನ್ನ ಇಬ್ಬರೂ ಸಹಿ ಹಾಕಿ. ಇದೂ ಪೂರ್ತಿ ನಿಖರ ಅಲ್ಲ. ಖರ್ಚಿನಲ್ಲಿ ಆರ್ಡರ್ ಜಾಸ್ತಿಯಾದರೂ ಏರದ ಒಂದು ಭಾಗ ಇದ್ದೇ ಇರುತ್ತದೆ, ವ್ಯಾಪಾರ ಬೆಳೆದರೆ ನೀವು ಏನೂ ಮಾಡದಿದ್ದರೂ ಈ ಸಂಖ್ಯೆ ಇಳಿಯುತ್ತದೆ. ಅದನ್ನು ಮೊದಲೇ ಬೇರೆ ಮಾಡದಿದ್ದರೆ ಅಲ್ಲೂ ಜಗಳ ಕಾದಿರುತ್ತದೆ.

ನಾನಂತೂ ಪಾಲು ಬಿಟ್ಟೆ, ಈಗ ಒಂದೇ ಮೊತ್ತ ಹೇಳುತ್ತೇನೆ. ಮೊದಲು ಒಂದು ಚಿಕ್ಕ ತಪಾಸಣೆ, ಅದಕ್ಕೆ ಬೇರೆ ಹಣ. ಬಿಟ್ಟಿಯಾಗಿ ನೋಡಿ "ಇಂಥ ಕ್ವೆರಿ ತಪ್ಪು" ಅಂದುಬಿಟ್ಟರೆ ಅವರ ಹುಡುಗರೇ ಸಂಜೆಯೊಳಗೆ ಸರಿಮಾಡುತ್ತಾರೆ. ಆಮೇಲೆ ವರ್ಷಕ್ಕೆ ಎಷ್ಟು ಉಳಿಯಬಹುದು ಎಂಬ ಸಂಖ್ಯೆಯನ್ನು ಅವರ ಬಾಯಿಂದಲೇ ಹೇಳಿಸಿ, ಇಮೇಲಿನಲ್ಲಿ ಬರೆಸಿಕೊಳ್ಳುತ್ತೇನೆ. 480 ಎಂದರೆ ನಾನು ಅರ್ಧವನ್ನೇ, ಅಂದರೆ 240 ಮಾತ್ರ ನಂಬುತ್ತೇನೆ. ಅದರ ಶೇ. 15 ಅಂದರೆ 36. ಅರ್ಧ ಮುಂಗಡ. ಉಳಿದರ್ಧ, ಆ ಕ್ವೆರಿ ಒಪ್ಪಿದ ಸಮಯದೊಳಗೆ ಮುಗಿದು ಚಿಕ್ಕ ಮೆಷೀನಿನಲ್ಲಿ ಒಂದು ವಾರ ತೊಂದರೆಯಿಲ್ಲದೆ ಓಡಿದ ದಿನ. ಮುಂದಿನ ತಿಂಗಳುಗಳ ಬಿಲ್ ಏರಲಿ, ಇಳಿಯಲಿ, ಅದು ಅವರ ಲೆಕ್ಕ. 96ರ ಕನಸು ಹೋಯಿತು, ಆದರೆ 36 ಕೈಗೆ ಬರುತ್ತದೆ. ಇನ್‌ವಾಯ್ಸಿನಲ್ಲಿ ಗಂಟೆಯ ಕಾಲಮ್ಮನ್ನೇ ತೆಗೆದುಹಾಕಿದ್ದೇನೆ.

ಉಳಿತಾಯ ಎಷ್ಟೆಂದು ಗ್ರಾಹಕರಿಗೇ ಹೇಳಲಾಗದಿದ್ದರೆ ಮಾತ್ರ ಹಳೆಯ ಗಂಟೆ ದರಕ್ಕೇ ಮರಳುತ್ತೇನೆ.