ಕೋಚಿಂಗ್ ಕ್ಲಾಸಿಗೆ ವಾಟ್ಸಾಪ್ ಚಾನೆಲ್: ವಾರಕ್ಕೆ ಮೂರೇ ಪೋಸ್ಟ್

ನಮ್ಮದು ಗಣಿತ ಮತ್ತು ವಿಜ್ಞಾನ ಹೇಳಿಕೊಡುವ ಸಣ್ಣ ಕೋಚಿಂಗ್ ಕ್ಲಾಸು. ವಾಟ್ಸಾಪ್ ಚಾನೆಲ್‌ಗಳು 2023ರಲ್ಲಿ ಬಂದವು. ಅದಕ್ಕೂ ಮೊದಲು ನಾವು ಬ್ರಾಡ್‌ಕಾಸ್ಟ್ ಲಿಸ್ಟ್ ಬಳಸುತ್ತಿದ್ದೆವು. ಒಂದು ಲಿಸ್ಟಿಗೆ 256 ಜನ ಮಾತ್ರ, ಅದರಲ್ಲೂ ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗಷ್ಟೇ ಮೆಸೇಜ್ ಹೋಗುತ್ತದೆ. ಚಾನೆಲ್‌ನಲ್ಲಿ ಈ ತೊಡಕಿಲ್ಲ. ಗ್ರೂಪಿನಲ್ಲಿ ಆಗುವ ಹಾಗೆ ಒಬ್ಬ ಪೋಷಕರ ನಂಬರ್ ಇನ್ನೊಬ್ಬರಿಗೆ ಕಾಣುವುದೂ ಇಲ್ಲ. ಹೆಣ್ಣುಮಕ್ಕಳ ಪೋಷಕರು ನನ್ನ ಹತ್ತಿರ ಮೊದಲು ಕೇಳುವುದೇ ಇದನ್ನು.

ಸೋಮವಾರ ಓದಿನ ಸಲಹೆ, ಗುರುವಾರ ಅದರ ಮುಂದುವರಿಕೆ, ಶನಿವಾರ ಫಲಿತಾಂಶ ಇಲ್ಲವೇ ಪ್ರವೇಶದ ಸುದ್ದಿ. ವಾರದ ಯೋಜನೆ ಇಷ್ಟೇ. ಇದಕ್ಕಿಂತ ಹೆಚ್ಚು ಹಾಕಿದರೆ ಜನ ಓದುವುದನ್ನು ಬಿಡುತ್ತಾರೆ, ಮುಖ್ಯವಾದ ಪೋಸ್ಟ್ ಕೂಡ ಅದರಡಿ ಮುಚ್ಚಿಹೋಗುತ್ತದೆ.

ಸಲಹೆ ಎಂದರೆ "ದಿನಾಲೂ ಓದಿ, ಬೇಗ ಏಳಿ" ಅಂತಲ್ಲ. ಅಂಥದ್ದಕ್ಕೆ ಹೆಬ್ಬೆರಳಿನ ಲೈಕ್ ಬೀಳುತ್ತದೆ, ಮಕ್ಕಳಿಗೇನೂ ದಕ್ಕುವುದಿಲ್ಲ. ನಾವು ಸೋಮವಾರ ಒಂದೇ ಒಂದು ಲೆಕ್ಕವನ್ನು ಪೋಲ್ ಆಗಿ ಹಾಕುತ್ತೇವೆ. ಉದಾಹರಣೆಗೆ: ಒಂದು ವಸ್ತುವಿನ ಬೆಲೆ ಮೊದಲು 20% ಏರಿತು, ಆಮೇಲೆ 20% ಇಳಿಯಿತು, ಈಗ ಬೆಲೆ ಮೊದಲಿನಷ್ಟೇ ಇದೆಯೇ, 4% ಕಡಿಮೆಯೇ, 4% ಹೆಚ್ಚೇ? "ಮೊದಲಿನಷ್ಟೇ" ಎನ್ನುವುದಕ್ಕೆ ಮತಗಳು ಸುರಿದವು. ಗುರುವಾರದ ಪೋಸ್ಟಿನಲ್ಲಿ 100 ಎಂದಿಟ್ಟುಕೊಂಡು ಮಾಡಿ ತೋರಿಸಿದೆವು: 100 ಏರಿ 120 ಆಯಿತು, ಈಗ 20% ಎಂದರೆ 120ರ 20%, ಅಂದರೆ 24, ಉಳಿದದ್ದು 96. ಶೇಕಡಾವಾರು ಯಾವುದರ ಮೇಲೆ ಎಂದು ಮೊದಲು ಕೇಳಿಕೊಳ್ಳಬೇಕು, ಆ ವಾರದ ಸಲಹೆ ಅದೊಂದೇ. ಉತ್ತರ ತಿಳಿಯುವ ಮೊದಲೇ ಮಗು ಒಂದು ಕಡೆಗೆ ಮತ ಹಾಕಿರುತ್ತದಲ್ಲ, ಹಾಗಾಗಿ ವಿವರಣೆಯನ್ನು ಕಣ್ಣಿಟ್ಟು ಓದುತ್ತದೆ. ಯಾವ ತಪ್ಪು ಉತ್ತರಕ್ಕೆ ಮತ ಹೆಚ್ಚು ಬಿದ್ದಿದೆ ಎಂದು ನೋಡಿದರೆ ಮುಂದಿನ ತರಗತಿಯಲ್ಲಿ ಎಲ್ಲಿಂದ ಶುರುಮಾಡಬೇಕೆಂದು ನಮಗೂ ಗೊತ್ತಾಗುತ್ತದೆ. ಚಾನೆಲ್‌ನಿಂದ ನಮಗೆ ಸಿಕ್ಕ ನಿಜವಾದ ಲಾಭ ಇದೇ ಎಂದು ನನ್ನ ಅಭಿಪ್ರಾಯ.

ಫಲಿತಾಂಶದ ವಿಚಾರದಲ್ಲಿ ನಾವು ಬಿಗಿ. ಲಿಂಕ್ ಸಿಕ್ಕ ಯಾರು ಬೇಕಾದರೂ ಚಾನೆಲ್ ಸೇರಬಹುದು, ಪೋಸ್ಟನ್ನು ಬೇರೆ ಕಡೆಗೆ ಕಳಿಸಲೂಬಹುದು. ಆದ್ದರಿಂದ ವಾರದ ಟೆಸ್ಟಿನ ಅಂಕಪಟ್ಟಿ ಅಲ್ಲಿಗೆ ಹೋಗುವುದಿಲ್ಲ, ಅದು ಪ್ರತಿ ಪೋಷಕರಿಗೆ ಬೇರೆಬೇರೆಯಾಗಿಯೇ ಹೋಗುತ್ತದೆ. ಚಾನೆಲ್‌ಗೆ ಹಾಕುವುದು ಎಷ್ಟು ಮಕ್ಕಳು ಬರೆದರು, ಎಷ್ಟು ಜನ ಪಾಸಾದರು, ಯಾವ ಪ್ರಶ್ನೆಯಲ್ಲಿ ಹೆಚ್ಚು ಮಂದಿ ಎಡವಿದರು ಎಂಬಿಷ್ಟನ್ನೇ. ವಾರ್ಷಿಕ ಫಲಿತಾಂಶದ ಹೊತ್ತಿಗೆ ಹೆಸರು, ಫೋಟೊ ಹಾಕಬೇಕೆಂದರೆ ಮಗು ಮತ್ತು ಪೋಷಕರು ಬರಹದಲ್ಲಿ ಒಪ್ಪಿರಬೇಕು. ಮೇಲಿನ ಐದು ಹೆಸರು ಹಾಕಿ, ಒಟ್ಟು ಬರೆದವರು ಎಷ್ಟೆಂದು ಮುಚ್ಚಿಡುವ ಜಾಹೀರಾತು ನನಗೆ ಒಪ್ಪಿಗೆಯಿಲ್ಲ. ಪೋಷಕರು ಆ ಅಂಕಿಯನ್ನು ಕೇಳಿಯೇ ಕೇಳಬೇಕು.

ಪ್ರವೇಶದ ಸುದ್ದಿಗೆ ಮಾತ್ರ ಚಾನೆಲ್ ಒಂದನ್ನೇ ನಂಬಿ ಕೂರುವಂತಿಲ್ಲ. ಚಾನೆಲ್‌ಗೆ ಸೇರಿದ ತಕ್ಷಣ ಫೋನ್ ಸದ್ದು ಮಾಡುವುದಿಲ್ಲ. ಗಂಟೆಯ ಗುರುತನ್ನು ಒತ್ತಿ ನೋಟಿಫಿಕೇಶನ್ ಆನ್ ಮಾಡಿಕೊಳ್ಳಬೇಕು. ಪೋಸ್ಟ್ ಬರುವುದೂ ಚಾಟ್‌ಗಳ ನಡುವೆ ಅಲ್ಲ, ಅಪ್‌ಡೇಟ್ಸ್ ಎಂಬ ಬೇರೆ ಪುಟದಲ್ಲಿ. ಹಾಗಾಗಿ ದಾಖಲಾತಿಯ ದಿನ ಪೋಷಕರ ಫೋನನ್ನು ಎದುರಿಗೇ ತೆಗೆಸಿ ಆ ಗಂಟೆ ಒತ್ತಿಸುತ್ತೇವೆ. ಕೊನೆಯ ದಿನಾಂಕದಂಥದ್ದನ್ನು ಎಸ್‌ಎಂಎಸ್‌ನಲ್ಲೂ ಕಳಿಸುತ್ತೇವೆ.

ಇನ್ನೊಂದು ಸೂಕ್ಷ್ಮವಿದೆ. ಹಾಕಿದ ಪೋಸ್ಟನ್ನು 30 ದಿನದವರೆಗೆ ತಿದ್ದಬಹುದು, ಆದರೆ ತಿದ್ದಿದ್ದು ಯಾರಿಗೂ ಹೊಸದಾಗಿ ತಿಳಿಯುವುದಿಲ್ಲ. ಪರೀಕ್ಷೆ 10ನೇ ತಾರೀಖಿಗೆ ಎಂದು ಹಾಕಿ, ಆಮೇಲೆ ಅದನ್ನೇ 12 ಎಂದು ತಿದ್ದಿದರೆ, ಮೊದಲು ಓದಿದವರು 10ಕ್ಕೇ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ಅಕ್ಷರದ ತಪ್ಪಿದ್ದರೆ ತಿದ್ದಿದರೆ ಸಾಕು. ದಿನಾಂಕ, ಸಮಯ, ಶುಲ್ಕ ಬದಲಾದರೆ ಹಳೆಯ ಪೋಸ್ಟನ್ನು ತಿದ್ದುವುದರ ಜೊತೆಗೆ "ದಿನಾಂಕ ಬದಲಾಗಿದೆ" ಎಂದೇ ಶುರುವಾಗುವ ಹೊಸ ಪೋಸ್ಟನ್ನೂ ಹಾಕಬೇಕು. ಸೀಟು ಭರ್ತಿಯಾದ ದಿನವೇ ಪ್ರವೇಶದ ಪೋಸ್ಟಿನ ಮೊದಲ ಸಾಲಿಗೆ "ಈ ಬ್ಯಾಚ್ ಭರ್ತಿಯಾಗಿದೆ" ಎಂದು ಸೇರಿಸುತ್ತೇವೆ. ಪೋಸ್ಟ್ ಯಾರದೋ ಗ್ರೂಪಿಗೆ ಫಾರ್ವರ್ಡ್ ಆಗಿದ್ದರೆ ಅಲ್ಲಿ ಹಳೆಯದೇ ಉಳಿಯುತ್ತದೆ. ಅದಕ್ಕೇ ಪ್ರತಿ ಪ್ರವೇಶ ಪೋಸ್ಟಿನಲ್ಲೂ ಹಾಕಿದ ದಿನಾಂಕ ಮತ್ತು ಕಚೇರಿಯ ನಂಬರ್ ಬರೆದಿರುತ್ತೇವೆ.